ಕಣ್ಣಿನ ಫೋಟೋ ಕಳಿಸೋ ಮೊದಲು

"ಬೆಕ್ಕಿನ ಕಣ್ಣು ಅಂತ ಮದುವೆಗೆ ಬಂದವರು ಆಡಿಕೊಂಡಾರು ತಂಗೀ, ನನಗೆ ಅದೇ ದಿಗಿಲು" ಅಂದರು ಪಕ್ಕದ ಮನೆ ಅಕ್ಕ, ಕಾಂಪೌಂಡ್ ಗೋಡೆಗೆ ಮೊಣಕೈ ಊರಿಕೊಂಡು. ಹರಿಹರದಲ್ಲಿರುವ ಅವರ ತಂಗಿಯ ಮಗಳಿಗೆ ಮದುವೆ ಗೊತ್ತಾಗಿದೆ. ಆರತಕ್ಷತೆ ಇಲ್ಲೇ ದಾವಣಗೆರೆಯಲ್ಲಿ. ಅದಕ್ಕೂ ಮೊದಲು ಒಂದು ಸಂಜೆ ಹರಿಹರದ ಹೊಳೆದಂಡೆಯಲ್ಲಿ ಹುಡುಗ ಹುಡುಗಿಯ ಫೋಟೋ ತೆಗೆಸುವುದಂತೆ. ಮೇಕಪ್ ಮಾಡುವವರು "ಕಣ್ಣಿನ ಹತ್ತಿರದ್ದೊಂದು ಫೋಟೋ ಕಳಿಸಿ, ಯಾವ ಬಣ್ಣದ ಲೆನ್ಸ್ ಒಪ್ಪುತ್ತೆ ಹೇಳ್ತೀವಿ" ಅಂದಿದ್ದಾರೆ. ಹುಡುಗಿಗೆ ಬೂದು ಬಣ್ಣದ ಮೇಲೆ ಆಸೆ. ನಾನು ಬಹಳ ಕಾಲ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಹಾಕಿಕೊಡುವ ಕೆಲಸ ಮಾಡಿದವಳಾದ್ದರಿಂದ ಅಕ್ಕ ಮೊಬೈಲ್ ಗೋಡೆಯ ಮೇಲಿಟ್ಟು ನನ್ನ ಕಡೆ ಸರಿಸಿದರು.

ಫೋಟೋ ಚೆನ್ನಾಗಿತ್ತು, ಆದರೆ ಈ ಕೆಲಸಕ್ಕೆ ಬರುವಂಥದ್ದಲ್ಲ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಮುಂದಿನ ಕ್ಯಾಮೆರಾದಲ್ಲಿ ತೆಗೆದದ್ದು. ಬ್ಯೂಟಿ ಮೋಡ್ ಹಾಕಿದ್ದರಿಂದ ಕೆನ್ನೆಯ ಚರ್ಮ ನುಣ್ಣಗಾಗಿ ಎರಡು ಪಟ್ಟು ಬೆಳ್ಳಗಾಗಿತ್ತು. ಕಣ್ಣಿನ ಕರಿಯ ಭಾಗವಂತೂ ಒಂದೇ ಕಪ್ಪು ಬೊಟ್ಟು. "ಅಕ್ಕಾ, ಇದರಲ್ಲಿ ಪಾಪೆ ಎಲ್ಲಿ ಮುಗಿಯುತ್ತೆ, ಅದರ ಸುತ್ತಲಿನ ಬಣ್ಣದ ಬಳೆ ಎಲ್ಲಿ ಶುರುವಾಗುತ್ತೆ, ತೋರಿಸಿ ನೋಡೋಣ" ಅಂದೆ. ಅವರು ಕನ್ನಡಕ ಏರಿಸಿ ನೋಡಿದರು, ತೋರಿಸಲು ಆಗಲಿಲ್ಲ. ನಮ್ಮ ಕಡೆಯ ಕಣ್ಣಿನ ಫೋಟೋಗೆ ನಾನು ಇಡುವ ಪರೀಕ್ಷೆ ಇದೊಂದೇ. ನಡುವಿನ ಕಪ್ಪು ಪಾಪೆಯ ಅಂಚು ಬೇರೆಯಾಗಿ ಕಾಣದಿದ್ದರೆ ಆ ಫೋಟೋ ನೋಡಿ ಬಣ್ಣ ಹೇಳುವವರು ಊಹೆ ಮಾಡುತ್ತಿದ್ದಾರೆ ಅಂತಲೇ ಲೆಕ್ಕ.

"ಕಣ್ಣು ಕಪ್ಪೇ ಅಲ್ವಾ, ಅದರಲ್ಲಿ ನೋಡೋದೇನು?" ಅಂತ ಅಕ್ಕ ಕೇಳಿದ್ದು ಸಹಜ. ಆದರೆ ಕಪ್ಪು ಕಣ್ಣು ಅಂತ ನಾವು ಕರೆಯುವುದೆಲ್ಲ ಗಾಢ ಕಂದು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದರೆ ಪಾಪೆಯ ಸುತ್ತ ಒಂದು ತೆಳು ಬಳೆ ಜೇನಿನ ಬಣ್ಣಕ್ಕೋ ತಾಮ್ರದ ಬಣ್ಣಕ್ಕೋ ತಿರುಗುತ್ತದೆ. ಅದರಾಚೆ ಕಡು ಕಂದು, ಅಂಚಿನಲ್ಲಿ ಇನ್ನೂ ಕಪ್ಪಾದ ಗೆರೆ. ಈ ಕಂದು ಬರುವುದು ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್‌ನಿಂದ. ನೀಲಿ ಕಣ್ಣಿನವರಲ್ಲಿ ನೀಲಿ ಅನ್ನುವ ಬಣ್ಣದ ವಸ್ತುವೇ ಇರುವುದಿಲ್ಲ. ಅಲ್ಲಿ ಮುಂದಿನ ಪದರದಲ್ಲಿ ಮೆಲನಿನ್ ತೀರ ಕಡಿಮೆ ಇರುವುದರಿಂದ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ, ಅಷ್ಟೇ.

ಲೆನ್ಸ್ ಆರಿಸುವ ಲೆಕ್ಕವೆಲ್ಲ ಇಲ್ಲಿಂದಲೇ ಶುರು. ಬಣ್ಣದ ಲೆನ್ಸ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಅರೆಪಾರದರ್ಶಕ, ಇರುವ ಬಣ್ಣವನ್ನು ಸ್ವಲ್ಪ ಏರಿಸುವಂಥದ್ದು. ತಿಳಿಗಣ್ಣಿನವರಿಗಾಗಿ ಮಾಡಿದ್ದು ಅದು. ನಮ್ಮ ಕಣ್ಣಿಗೆ ಹಾಕಿದರೆ ಕಪ್ಪು ಸೀರೆಯನ್ನು ತೆಳು ಹಸಿರು ಬಣ್ಣದಲ್ಲಿ ಅದ್ದಿದ ಹಾಗೆ, ಹಾಕಿದ್ದೇ ಗೊತ್ತಾಗುವುದಿಲ್ಲ. ಇನ್ನೊಂದರಲ್ಲಿ ಬೆಳಕು ದಾಟದ ಬಣ್ಣವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಅಚ್ಚು ಹಾಕಿರುತ್ತಾರೆ. ನಮಗೆ ಬೇಕಾದ್ದು ಇದೇ. ಆದರೆ ಚುಕ್ಕಿ ಚುಕ್ಕಿಯ ನಡುವೆ ಖಾಲಿ ಜಾಗ ಇರುತ್ತದೆ, ಅಲ್ಲಿಂದ ನಮ್ಮದೇ ಕಂದು ಇಣುಕುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಬೆರೆತ ಬಣ್ಣ ಕಾಣುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿರುವ ಬೂದು, ಕ್ಯಾಟಲಾಗಿನ ಹುಡುಗಿಯ ಬೂದು, ನಮ್ಮ ಹುಡುಗಿಯ ಬೂದು, ಮೂರೂ ಬೇರೆಯಾಗುವುದು ಇದಕ್ಕೇ. ಹತ್ತಿರದ ಫೋಟೋ ಕೇಳುವುದು ಒಳಗಿನ ಕಂದು ಎಷ್ಟು ಗಾಢವಾಗಿದೆ, ಆ ಜೇನುಬಳೆ ಎಷ್ಟು ಅಗಲವಿದೆ ಎಂದು ನೋಡುವುದಕ್ಕೆ.

"ಹಂಗಾದ್ರೆ ಹೆಂಗೆ ತೆಗೀಬೇಕು, ನೀನೇ ಹೇಳು. ಸಂಜೆ ಫೋನ್ ಮಾಡಿ ಹುಡುಗಿಗೆ ಹೇಳ್ತೀನಿ" ಅಂದರು ಅಕ್ಕ. ನಾನು ಹೇಳಿದ್ದು ಹೀಗೆ.

ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಮುಂದೆ ಕೂರಬೇಕು. ಮನೆಯ ಲೈಟುಗಳನ್ನೆಲ್ಲ ಆರಿಸಬೇಕು. ಎರಡು ಬಗೆಯ ಬೆಳಕು ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿಯಾಗುತ್ತದೆ. ಕಾಡಿಗೆ, ಪೌಡರ್ ಯಾವುದೂ ಬೇಡ. ಹೆಗಲ ಮೇಲೆ ಒಂದು ಬಿಳಿ ಟವೆಲ್ ಹೊದೆಯಬೇಕು, ಏಕೆಂದರೆ ಅರಿಶಿನ ಬಣ್ಣದ ಚೂಡಿದಾರ್ ತೊಟ್ಟಿದ್ದರೆ ಅದರ ಹಳದಿ ಗದ್ದದ ಕೆಳಗೆಲ್ಲ ಪ್ರತಿಫಲಿಸಿ ಮೈಬಣ್ಣವನ್ನೇ ಬದಲಿಸುತ್ತದೆ. ಹರಿಹರದ ಅವರ ಮನೆಯ ಪಡಸಾಲೆಗೆ ಹಸಿರು ಬಣ್ಣ ಬಳಿದಿದ್ದಾರೆ ಅಂತ ಅಕ್ಕ ಹೇಳಿದ್ದರಿಂದ ಆ ಕೋಣೆ ಬೇಡ ಅಂದೆ. ಕಣ್ಣಿನ ಪಕ್ಕಕ್ಕೆ, ಕಪೋಲದ ಹತ್ತಿರ, ನೋಟ್‌ಬುಕ್ಕಿನ ಒಂದು ಬಿಳಿ ಹಾಳೆ ಹಿಡಿಯಬೇಕು. ಫೋಟೋದಲ್ಲಿ ಆ ಹಾಳೆ ಬಿಳಿಯಾಗಿ ಕಂಡರೆ ಮಿಕ್ಕ ಬಣ್ಣಗಳನ್ನೂ ನಂಬಬಹುದು. ಹಾಳೆ ಹಳದಿಯಾಗಿ ಕಂಡರೆ ಚರ್ಮವೂ ಅಷ್ಟೇ ಹಳದಿಗೆ ಓಡಿದೆ ಎಂದರ್ಥ. ಕಣ್ಣಿನ ಬಿಳಿಯನ್ನೇ ಅಳತೆಗೆ ಇಟ್ಟುಕೊಳ್ಳುವವರಿದ್ದಾರೆ, ಅದು ಸರಿಯಲ್ಲ. ನಮ್ಮ ಮೈಬಣ್ಣದವರಲ್ಲಿ ಕಣ್ಣಿನ ಬಿಳಿಯಲ್ಲಿ ತಿಳಿಕಂದು ಛಾಯೆ, ಸಣ್ಣ ಮಚ್ಚೆ ಇರುವುದು ಮಾಮೂಲು.

ಹಿಂದಿನ ಕ್ಯಾಮೆರಾದಲ್ಲೇ ತೆಗೆಯಬೇಕು, ಬೇರೆ ಯಾರಾದರೂ ತೆಗೆದುಕೊಟ್ಟರೆ ಒಳ್ಳೆಯದು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದರೆ ಅದರ ನೆರಳೇ ಕಣ್ಣಿನ ಮೇಲೆ ಬೀಳುತ್ತದೆ, ಕಣ್ಣಿನ ಆಕಾರವೂ ಉಬ್ಬುತ್ತದೆ. ಒಂದಡಿ ದೂರ ನಿಂತು ಎರಡು ಪಟ್ಟು ಝೂಮ್ ಮಾಡಿ, ಪರದೆಯ ಮೇಲೆ ಕಣ್ಣಿನ ಕರಿಯ ಭಾಗವನ್ನೇ ಬೆರಳಿನಿಂದ ಒತ್ತಿ ಫೋಕಸ್ ಮಾಡಬೇಕು. ಫ್ಲ್ಯಾಶ್ ಬೇಡವೇ ಬೇಡ. ಹೀಗೆ ಕಣ್ಣಿನದು ಒಂದು, ಹುಬ್ಬಿನಿಂದ ಕುತ್ತಿಗೆಯವರೆಗೆ ಮುಖದ್ದು ಒಂದು, ಸಂಜೆ ಮನೆಯ ಲೈಟಿನಲ್ಲಿ ಮತ್ತೆ ಕಣ್ಣಿನದು ಒಂದು. ಮೂರು ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ನವುರು ಗೆರೆಗಳೆಲ್ಲ ಕರಗಿಹೋಗುತ್ತವೆ. ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಬೇಕು.

ಹುಡುಗಿ ಚುರುಕು. ಹೇಳಿದ ಹಾಗೇ ತೆಗೆದು ಕಳಿಸಿದಳು. ಅಕ್ಕ ಗೋಡೆಯ ಹತ್ತಿರ ಬರುವ ಹೊತ್ತಿಗೆ ನಾನೂ ಹೂಗಿಡಕ್ಕೆ ನೀರು ಹಾಕಿ ಮುಗಿಸಿದ್ದೆ. ಈ ಸಲ ಪರದೆ ಹಿಗ್ಗಿಸಿದಾಗ ಕಣ್ಣು ಪೂರ್ತಿ ತೆರೆದು ತೋರಿತು. ಪಾಪೆ ದುಂಡಗೆ, ಕಡುಗಪ್ಪು. ಅದನ್ನು ಒತ್ತಿಕೊಂಡು ಏರುಪೇರಾದ ಅಂಚಿನ ತಾಮ್ರಬಣ್ಣದ ಬಳೆ, ಬಲಗಡೆ ಕೊಂಚ ಅಗಲ, ಎಡಗಡೆ ಕಿರಿದು. ಅದರಿಂದ ಹೊರಕ್ಕೆ ಕಾಫಿಪುಡಿಯ ಕಂದು. ಅಂಚಿನಲ್ಲಿ ಮೆತ್ತಗೆ ಕಪ್ಪಾಗಿ ಬಿಳಿಯೊಳಕ್ಕೆ ಬೆರೆಯುವ ಗೆರೆ. "ಅಯ್ಯ, ನಮ್ಮ ಹುಡುಗಿ ಕಣ್ಣೊಳಗೆ ಇಷ್ಟೆಲ್ಲ ಐತಾ!" ಅಂತ ಅಕ್ಕ ಬೆರಗಾದರು. ನನಗೂ ಈ ಕೆಲಸದಲ್ಲಿ ಎಂದೂ ಬೇಸರ ಬರದಿದ್ದದ್ದು ಇದಕ್ಕೇ.

ಬೆಳಗಿನ ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸಿ ಸ್ಕೇಲ್ ಇಟ್ಟು ಅಳೆದೆವು. ಬಣ್ಣದ ಭಾಗದ ಅಡ್ಡಳತೆ 36 ಮಿ.ಮೀ., ಪಾಪೆಯದು 12. ನಿಜವಾದ ಕಣ್ಣಿನಲ್ಲಿ ಆ ಬಣ್ಣದ ಭಾಗ ಬಹುತೇಕ ಎಲ್ಲರಿಗೂ ಹನ್ನೊಂದೂವರೆ ಹನ್ನೆರಡು ಮಿ.ಮೀ. ಆಸುಪಾಸು ಇರುತ್ತದೆ. ಮೂರರಲ್ಲಿ ಒಂದು ಪಾಲು ಅಂದರೆ ಅವಳ ಪಾಪೆ ಆಗ ಸುಮಾರು 4 ಮಿ.ಮೀ. ಇತ್ತು. ಸಂಜೆಯ ಫೋಟೋದಲ್ಲಿ ಅದೇ 36ಕ್ಕೆ ಪಾಪೆ 18, ಅಂದರೆ ಸುಮಾರು 6 ಮಿ.ಮೀ. ಬಣ್ಣದ ಲೆನ್ಸಿನ ನಡುವೆ ನೋಡಲಿಕ್ಕೆ ಬಿಟ್ಟಿರುವ ಖಾಲಿ ಕಿಂಡಿ ಸಾಮಾನ್ಯವಾಗಿ 5 ಮಿ.ಮೀ. ಆಚೀಚೆ. ಹಗಲಿನಲ್ಲಿ ಪಾಪೆ ಕಿಂಡಿಯೊಳಗೇ ಇರುತ್ತದೆ, ತೊಂದರೆಯಿಲ್ಲ. ಕತ್ತಲಾಗುತ್ತ ಪಾಪೆ ಕಿಂಡಿಗಿಂತ ದೊಡ್ಡದಾಗಿ ಬಣ್ಣದ ಚುಕ್ಕಿಗಳು ನೋಟಕ್ಕೆ ಅಡ್ಡ ಬರುತ್ತವೆ. ಸುತ್ತ ಮಬ್ಬು, ದೀಪಗಳ ಸುತ್ತ ಮಂಜು. ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಬೆಳಕು ಜೋರಾಗಿರುವುದರಿಂದ ಅಲ್ಲಿ ನಡೆಯುತ್ತದೆ. ಹೊಳೆದಂಡೆಯಲ್ಲಿ ಫೋಟೋ ಮುಗಿಸಿ, ಲೆನ್ಸ್ ತೆಗೆಯದೆ, ರಾತ್ರಿ ಹರಿಹರದಿಂದ ದಾವಣಗೆರೆಗೆ ಸ್ಕೂಟಿ ಓಡಿಸಿಕೊಂಡು ಬರುವುದು ಮಾತ್ರ ಕೂಡದು. ಇದನ್ನು ಅಕ್ಕನ ಮುಂದೆಯೇ ಹುಡುಗಿಗೆ ಫೋನಿನಲ್ಲಿ ಹೇಳಿದೆ.

ಇನ್ನು ಮೈಬಣ್ಣ. ಅಂಗಡಿಗಳಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ. ಬೆಳ್ಳಗಿದ್ದರೆ ನೀಲಿ, ಕಪ್ಪಗಿದ್ದರೆ ಕಂದು ಬಿಟ್ಟು ಬೇರೆ ಕೇಳಲೇ ಬೇಡಿ ಅಂತ. ಆ ಮಾತು ಕೇಳಿ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ ಹುಡುಗಿಯರನ್ನು ನಾನು ಕಂಡಿದ್ದೇನೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬಿಳುಪಿಗೂ ಇದಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ಎರಡು. ಕಣ್ಣು, ಚರ್ಮ, ಹುಬ್ಬು ಈ ಮೂರರ ಗಾಢತೆಯ ನಡುವಿನ ಅಂತರ ಒಂದು. ಚರ್ಮದ ಅಡಿಯಲ್ಲಿ ಓಡುವ ಛಾಯೆ ಹಳದಿಯ ಕಡೆಗೋ ನೀಲಿಗೆಂಪಿನ ಕಡೆಗೋ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಸುಲಭದ ದಾರಿ ಇದೆ. ಮುಖದ ಫೋಟೋವನ್ನು ಮೊಬೈಲಿನಲ್ಲೇ ಕಪ್ಪುಬಿಳುಪು ಮಾಡಿ. ಕೊಳ್ಳಬೇಕೆಂದಿರುವ ಲೆನ್ಸನ್ನು ಗಾಢ ಕಂದು ಕಣ್ಣಿಗೆ ಹಾಕಿರುವ ಚಿತ್ರವನ್ನು ಕಂಪನಿಯವರಿಂದ ಕೇಳಿ ಪಡೆದು, ಅದನ್ನೂ ಕಪ್ಪುಬಿಳುಪು ಮಾಡಿ ಪಕ್ಕದಲ್ಲಿಡಿ. ನಮ್ಮ ಜನರಲ್ಲಿ ಹುಟ್ಟಿನಿಂದ ಕಣ್ಣು ಚರ್ಮಕ್ಕಿಂತ ಗಾಢ. ಲೆನ್ಸ್ ಹಾಕಿದ ಮೇಲೂ ಕಣ್ಣು ಚರ್ಮಕ್ಕಿಂತ ಒಂದಿಷ್ಟಾದರೂ ಗಾಢವಾಗಿ ಉಳಿದರೆ ಅದು ಮುಖದೊಳಗೆ ಹೊಂದಿ ಕೂರುತ್ತದೆ. ಚರ್ಮಕ್ಕಿಂತ ತಿಳಿಯಾಗಿಬಿಟ್ಟರೆ ಹತ್ತಡಿ ದೂರದಿಂದ ಕಣ್ಣಿನ ಬಣ್ಣ ಬಿಳಿಗುಡ್ಡೆಯಲ್ಲೇ ಕರಗಿ ನಡುವಿನ ಪಾಪೆಯೊಂದೇ ಚುಚ್ಚಿದಂತೆ ಕಾಣುತ್ತದೆ. ಅಕ್ಕ ಹೆದರಿದ ಬೆಕ್ಕಿನ ಕಣ್ಣು ಇದೇ. ಹುಡುಗಿ ಆಸೆಪಟ್ಟಿದ್ದ ತಿಳಿಬೂದು ಕಪ್ಪುಬಿಳುಪಿನಲ್ಲಿ ಅವಳ ಕೆನ್ನೆಗಿಂತ ಎಷ್ಟೋ ಬೆಳ್ಳಗೆ ಕಂಡಿತು. ಗಾಢ ಬೂದು ಕೆನ್ನೆಗೆ ಸರಿಸಮ. ಹೇಜಲ್ ಅಂತ ಮಾರುವ ಹಸಿರುಗಂದು ಕೆನ್ನೆಗಿಂತ ಒಂದು ಮೆಟ್ಟಿಲು ಗಾಢ.

"ಐಶ್ವರ್ಯಾ ರೈ ಕಣ್ಣು ತಿಳಿಯಾಗೇ ಐತಲ್ಲ, ಅವರೂ ನಮ್ಮ ಮಂಗಳೂರಲ್ಲೇ ಹುಟ್ಟಿದವರು. ಅವರಿಗೆ ಚೆಂದ ಕಾಣಲ್ವಾ?" ಅಂದರು ಅಕ್ಕ. ಅವರ ಕಣ್ಣಿನ ಬಣ್ಣ ಹುಟ್ಟಿನಿಂದ ಬಂದದ್ದು. ಹುಟ್ಟಿನಿಂದ ಬಂದ ತಿಳಿಗಣ್ಣಿನಲ್ಲಿ ಒಂದೇ ಬಣ್ಣ ಮೆತ್ತಿರುವುದಿಲ್ಲ. ಎಳೆ ಎಳೆಯಾಗಿ ಹಲವು ಬಣ್ಣ ಇರುತ್ತವೆ, ಬೆಳಕು ಬದಲಾದಂತೆ ಅವೂ ಬದಲಾಗುತ್ತವೆ. ಒಳ್ಳೆಯ ಲೆನ್ಸ್ ಮಾಡುವವರು ಆ ಗುಣಕ್ಕಾಗಿಯೇ ಹೊರಗೊಂದು ಗಾಢ ಗೆರೆ, ನಡುವೆ ಮುಖ್ಯ ಬಣ್ಣ, ಒಳಗೊಂದು ಜೇನುಬಳೆ ಹೀಗೆ ಮೂರು ಬಣ್ಣದ ಅಚ್ಚು ಹಾಕುತ್ತಾರೆ. ಒಂದೇ ಬಣ್ಣದ ಅಗ್ಗದ ಲೆನ್ಸ್ ಎಂಥ ಸುಂದರಿಯ ಕಣ್ಣಿನಲ್ಲೂ ಅಂಟಿಸಿದ ಬಿಲ್ಲೆಯಂತೆಯೇ ಕಾಣುವುದು.

ಎರಡನೆಯದು ಚರ್ಮದ ಛಾಯೆ. ಇದನ್ನು ಕೆನ್ನೆಯಲ್ಲಿ ನೋಡಬಾರದು, ಕೆನ್ನೆ ಬಿಸಿಲಿಗೆ ಬಣ್ಣ ಕಟ್ಟಿರುತ್ತದೆ. ದವಡೆಯ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿ, ಅದೇ ಬಿಳಿ ಹಾಳೆಯ ಪಕ್ಕಕ್ಕೆ ನೋಡಬೇಕು. ಹುಡುಗಿಯದು ಎಣ್ಣೆಗೆಂಪು, ಹಾಳೆಯ ಪಕ್ಕದಲ್ಲಿ ಚಿನ್ನದ ಕಡೆಗೆ ವಾಲುವಂಥದ್ದು. ಇಂಥ ಚರ್ಮಕ್ಕೆ ಜೇನು, ಹೇಜಲ್, ಆಲಿವ್ ಹಸಿರು ಸಲೀಸಾಗಿ ಒಪ್ಪುತ್ತವೆ. ಎಣ್ಣೆಗಪ್ಪು ಮೈಯಲ್ಲಿ ನೀಲಿ ಛಾಯೆ ಇರುವವರಿಗೆ ಗಾಢ ಬೂದು ಎಷ್ಟು ಚೆಂದ ಒಪ್ಪುತ್ತದೆ ಅನ್ನುವುದನ್ನು ನೋಡಿಯೇ ತಿಳಿಯಬೇಕು. ಅಂಥವರಿಗೆ ಅಂಗಡಿಯವರು ಬೂದು ತೋರಿಸದೆ ಕಳಿಸುವುದು ತಪ್ಪು.

ನಮ್ಮ ಹುಡುಗಿಯ ವಿಷಯದಲ್ಲಿ ನಿರ್ಧಾರ ಮಾಡಿಸಿದ್ದು ಅವಳ ತಾಮ್ರದ ಬಳೆ. ಬೂದು ಲೆನ್ಸ್ ಹಾಕಿದರೆ ಕಿಂಡಿಯ ಅಂಚಿನಲ್ಲಿ ಆ ಬಳೆ ಇಣುಕುತ್ತದೆ. ತಣ್ಣನೆಯ ಬೂದಿನ ಪಕ್ಕ ಬೆಚ್ಚನೆಯ ತಾಮ್ರ ಬಂದರೆ ಹತ್ತಿರ ನಿಂತವರಿಗೆ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣುತ್ತವೆ, ದೂರದಲ್ಲಿ ಕೂಡಿ ಮಂಕಾಗುತ್ತವೆ. ಹೇಜಲ್ ಲೆನ್ಸಿನ ಒಳಬಳೆಯೇ ಹಳದಿಗಂದು. ಅದು ಅವಳ ತಾಮ್ರದೊಳಕ್ಕೆ ಗೆರೆ ಕಾಣದಂತೆ ಸೇರುತ್ತದೆ. ಬರಿಯ ಜೇನುಬಣ್ಣವೂ ಆಗುತ್ತಿತ್ತು, ಆದರೆ ಹೊಳೆದಂಡೆಯ ಇಳಿಬಿಸಿಲು ಹಳದಿ. ಅದರಲ್ಲಿ ಜೇನು ಕಿತ್ತಳೆಗೆ ತಿರುಗುತ್ತದೆ. ಹೇಜಲ್‌ನ ಹಸಿರು ಅದನ್ನು ಹಿಡಿದಿಡುತ್ತದೆ. ಗಾಢ ಹೊರಗೆರೆ ಇರುವ ಹೇಜಲ್, ಅದೂ ಆ ಗೆರೆ ಅವಳ ಕಣ್ಣಿನ ಅಂಚಿನಿಂದ ಆಚೆ ಹೋಗದಂಥದ್ದು, ಅಂತ ಹೇಳಿದೆ. ಕಣ್ಣು ದೊಡ್ಡದಾಗಿ ಕಾಣಲಿ ಅಂತ ಗೆರೆಯನ್ನು ಬಿಳಿಯ ಮೇಲಕ್ಕೂ ಹರಡುವ ಲೆನ್ಸ್‌ಗಳಿವೆ, ಮದುವಣಗಿತ್ತಿಯ ಮುಖಕ್ಕೆ ಅದು ಗೊಂಬೆಗಣ್ಣು ಕೊಡುತ್ತದೆ. ನನಗೆ ಹಿಡಿಸುವುದಿಲ್ಲ.

ಹುಡುಗಿ ಮೊದಲು ಸ್ವಲ್ಪ ಸಪ್ಪಗಾದಳು. ಒಂದು ಕೆಲಸ ಮಾಡು ಮಗಳೇ ಅಂದೆ. ಕಣ್ಣಿನ ಡಾಕ್ಟರ ಹತ್ತಿರ ಅಳತೆ ಆದ ಮೇಲೆ ಅಲ್ಲೇ ಪರೀಕ್ಷೆಯ ಲೆನ್ಸ್ ಒಂದೇ ಕಣ್ಣಿಗೆ ಹಾಕಿಸಿಕೊ. ಕಾಲು ಗಂಟೆ ಬಿಡು, ನೀರಾಡುವುದು ನಿಂತು ಲೆನ್ಸ್ ಕೂರಲಿ. ಆಮೇಲೆ ಅದೇ ಬಿಳಿ ಹಾಳೆ ಹಿಡಿದು ಎರಡೂ ಕಣ್ಣು ಒಟ್ಟಿಗೆ ಬರುವಂತೆ ಫೋಟೋ ತೆಗೆಸು, ಎಂಟ್ಹತ್ತು ಅಡಿಯಿಂದಲೂ ಒಂದು. ಫೋನಿನ ಆ್ಯಪ್‌ಗಳಲ್ಲಿ ಲೆನ್ಸ್ ಹಾಕಿ ನೋಡುವುದು ಬರೀ ಮೇಲಿನಿಂದ ಬಣ್ಣ ಬಳಿಯುವುದು, ನಿನ್ನ ಕಂದು ಎಲ್ಲಿ ಇಣುಕುತ್ತದೆ ಅಂತ ಅದು ತೋರಿಸುವುದಿಲ್ಲ. ನಿನ್ನದೇ ಒಂದು ಕಣ್ಣು ಇನ್ನೊಂದಕ್ಕೆ ಅಳತೆಯಾಗಲಿ. ರೆಪ್ಪೆ ಬಡಿದಾಗ ಲೆನ್ಸ್ ಕೊಂಚ ಅಲುಗುವುದು ಒಳ್ಳೆಯದೇ. ಆದರೆ ಕೆಳಕ್ಕೆ ಜಾರಿ ನಿಂತು ಮೇಲುಗಡೆ ನಿನ್ನ ಕಂದು ಅರ್ಧಚಂದ್ರದಂತೆ ಕಂಡರೆ ಆ ಅಳತೆ ನಿನ್ನದಲ್ಲ, ಬಣ್ಣ ಎಷ್ಟೇ ಹಿಡಿಸಿದರೂ ಬಿಡು.

ಈ ಅಳತೆಯ ಮಾತಿಗೇ ಅಕ್ಕ ತಕರಾರು ತೆಗೆದರು. "ಪವರ್ ಇಲ್ಲದ ಲೆನ್ಸಿಗೂ ಡಾಕ್ಟರ್ ಬೇಕಾ? ಆನ್‌ಲೈನ್‌ನಲ್ಲಿ ಹಂಗೇ ಕೊಡ್ತಾರಲ್ಲ" ಅಂತ. ಬೇಕು. ಫೋಟೋದಲ್ಲಿ ಬಣ್ಣ ಸಿಗುತ್ತದೆ, ಕರಿಗುಡ್ಡೆಯ ಬಾಗು ಸಿಗುವುದಿಲ್ಲ, ಕಣ್ಣೀರು ಎಷ್ಟಿದೆ ಅಂತಲೂ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಬೇಸ್ ಕರ್ವ್ 8.6, ಡಯಾಮೀಟರ್ 14.2 ಎಂಬಂತೆ ಬರೆದಿರುವುದು ಆ ಬಾಗಿಗೆ, ಲೆನ್ಸಿನ ಅಗಲಕ್ಕೆ ಸಂಬಂಧಪಟ್ಟದ್ದು. ಬಿಗಿಯಾದರೆ ಕಣ್ಣಿಗೆ ಗಾಳಿ ಆಡದೆ ಕೆಂಪಾಗುತ್ತದೆ, ಸಡಿಲವಾದರೆ ಉಜ್ಜುತ್ತದೆ. ಅಮೆರಿಕದಲ್ಲಿ 2005ರಲ್ಲೇ, ಬರೀ ಅಂದಕ್ಕೆ ಹಾಕುವ ಲೆನ್ಸನ್ನೂ ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕಾನೂನು ಮಾಡಿದರು. ಇಲ್ಲಿ ಒಂದು ಜೊತೆ ಲೆನ್ಸನ್ನು ಅಕ್ಕ ತಂಗಿಯರು ಹಂಚಿಕೊಂಡು ಹಾಕುವುದನ್ನೂ ನೋಡಿದ್ದೇನೆ. ಒಬ್ಬರ ಕಣ್ಣಿನ ಸೋಂಕು ಇನ್ನೊಬ್ಬರಿಗೆ ಹೋಗಲು ಅಷ್ಟೇ ಸಾಕು.

ಮುಹೂರ್ತದ ದಿನ ಬೇಡ, ಆರತಕ್ಷತೆಗೆ ಮತ್ತು ಫೋಟೋ ಸಂಜೆಗೆ ಮಾತ್ರ ಅಂತ ಕೊನೆಗೆ ಒಪ್ಪಂದವಾಯಿತು. ಮುಹೂರ್ತದ ಹೊತ್ತಿಗೆ ಅರಿಶಿನ, ವಿಭೂತಿ, ಅಕ್ಷತೆ, ಹೊಗೆ ಎಲ್ಲ ಮುಖದ ಮೇಲೇ ಬರುತ್ತವೆ. ಅದೂ ಅಲ್ಲದೆ ಆವತ್ತು ಹೆಣ್ಣು ಕಣ್ಣೀರು ಹಾಕದೆ ಇರುತ್ತಾಳೆಯೇ? ಕೈ ಸೋಪಿನಿಂದ ತೊಳೆದು ಒರೆಸಿ ಮೊದಲು ಲೆನ್ಸ್, ಆಮೇಲೆ ಮೇಕಪ್. ತೆಗೆಯುವಾಗಲೂ ಮೊದಲು ಲೆನ್ಸ್, ಆಮೇಲೆ ಮೇಕಪ್. ರೆಪ್ಪೆಯ ಒಳಅಂಚಿಗೆ ಕಾಡಿಗೆ ಬೇಡ, ಹೊರಗೆ ಸಾಕು. ಹೊಳೆದಂಡೆಯಲ್ಲಿ ಲೆನ್ಸ್ ಇರುವಾಗ ತುಂಗಭದ್ರೆಯ ನೀರು ಕಣ್ಣಿಗೆ ಸೋಕಬಾರದು, ಮನೆಯ ನಲ್ಲಿ ನೀರಿನಲ್ಲೂ ಲೆನ್ಸ್ ತೊಳೆಯಬಾರದು. ನೀರಿನಲ್ಲಿರುವ ಅಮೀಬಾ ಕರಿಗುಡ್ಡೆಗೆ ಹತ್ತಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ದೃಷ್ಟಿಯೂ ಹೋಗಬಹುದು. ಲೆನ್ಸ್ ಹಾಕಿಕೊಂಡು ನಿದ್ದೆ ಮಾಡಲೇಬಾರದು, ಕಾರಿನಲ್ಲಿ ಒಂದು ಗಳಿಗೆ ಒರಗುವುದೂ ಅದರಲ್ಲೇ ಸೇರಿತು.

ನಿಮ್ಮ ಮನೆಯಲ್ಲೂ ಯಾರಾದರೂ ಹಾಕುವವರಿದ್ದರೆ ಇಷ್ಟು ತಿಳಿದಿರಲಿ. ತೆಗೆದ ಮೇಲೂ ಕಣ್ಣು ಕೆಂಪಾಗಿಯೇ ಇದ್ದರೆ, ನೋವಿದ್ದರೆ, ಬೆಳಕು ನೋಡಲು ಆಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲೆನ್ಸ್ ಎಸೆಯಬೇಡಿ, ಅದರ ಡಬ್ಬಿಯಲ್ಲೇ ಹಾಕಿ ಜೊತೆಗೆ ಒಯ್ಯಿರಿ. ಸೋಂಕು ಯಾವುದೆಂದು ಪರೀಕ್ಷೆ ಮಾಡಲು ಅದು ಬೇಕಾಗಬಹುದು.